ನೀಲಿ ಸ್ಟೂಲ್ ಯಾರದು? ಅಕ್ಕ-ತಮ್ಮ ಸಣ್ಣದಕ್ಕೆಲ್ಲ ಕಿತ್ತಾಡುವುದು ಏಕೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನ ತಂಗಿಯ ಮನೆ. ಒನ್ ಬಿಎಚ್‌ಕೆ, ನಾಲ್ಕನೇ ಮಹಡಿ. ಹಾಲಿನ ಕಿಟಕಿಯ ಗ್ರಿಲ್‌ಗೆ ಮುಖ ಒತ್ತಿ ನಿಂತರೆ ಎರಡು ಕಟ್ಟಡಗಳ ಸಂದಿಯಲ್ಲಿ ಲೋಕಲ್ ರೈಲು ಹೋಗುವುದು ಕಾಣುತ್ತದೆ. ಆರು ವರ್ಷದ ಪುಟ್ಟನಿಗೆ ಅದು ಕಾಣಬೇಕಾದರೆ ಕಾಲ ಕೆಳಗೆ ಸ್ಟೂಲ್ ಬೇಕು. ಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಎರಡಿವೆ. ಒಂದು ನೀಲಿ, ಒಂದು ಕೆಂಪು. ಒಂದೇ ಅಂಗಡಿಯಲ್ಲಿ ತಂದದ್ದು, ಒಂದೇ ಎತ್ತರ. ಜಗಳ ಮಾತ್ರ ಯಾವಾಗಲೂ ನೀಲಿಗೇ.

ಕಳೆದ ತಿಂಗಳ ಒಂದು ಭಾನುವಾರ ನಾನೂ ಅಲ್ಲೇ ಇದ್ದೆ. ಹತ್ತು ವರ್ಷದ ಚಿನ್ನಿ ನೆಲದ ಮೇಲೆ ಕೂತು, ನೀಲಿ ಸ್ಟೂಲನ್ನೇ ಮೇಜು ಮಾಡಿಕೊಂಡು ಹೋಂವರ್ಕ್ ಬರೆಯುತ್ತಿದ್ದಳು. ನೀರು ಕುಡಿಯಲು ಎದ್ದಳು. ಅಷ್ಟರಲ್ಲಿ ಪುಟ್ಟ ಪುಸ್ತಕ ಪಕ್ಕಕ್ಕೆ ತಳ್ಳಿ ಸ್ಟೂಲ್ ಎಳೆದುಕೊಂಡು ಹೋದ. ಅವಳು ವಾಪಸ್ ಬಂದು ಅವನ ತೋಳು ಚಿವುಟಿದಳು. ಅವನು ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕೂಗಿದ. ತಂಗಿ ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದಳು.

"ಯಾರು ಮೊದಲ ಶುರು ಮಾಡಿದ್ದು?"

"ಅಂವಾ!" "ಅಕ್ಕ!"

"ನೀ ದೊಡ್ಡಾಕಿ ಅಲ್ಲೇನ ಚಿನ್ನಿ? ಬಿಟ್ಟುಕೊಡು."

ಅರ್ಧ ನಿಮಿಷದಲ್ಲಿ ಕೇಸ್ ಮುಗಿಯಿತು. ನಾನು ಶಾಲೆಗಳಲ್ಲಿ ಕೌನ್ಸೆಲರ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು. ಅಕ್ಕ-ತಂಗಿ, ಅಣ್ಣ-ತಮ್ಮಂದಿರ ಜಗಳದ ಬಗ್ಗೆ ತಿಳಿಯಬೇಕಾದ ಬಹುಪಾಲು ವಿಷಯ ಈ ಅರ್ಧ ನಿಮಿಷದಲ್ಲೇ ಇದೆ. ಅದನ್ನು ಬಿಡಿಸಿ ನೋಡೋಣ.

ಮೊದಲು ಒಂದು ಲೆಕ್ಕ. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಳ್ಳುವ ತಾಯಂದಿರಿಗೆ ಇದರಿಂದ ಸ್ವಲ್ಪ ಉಸಿರು ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೌರಿ ಕ್ರೇಮರ್ ಮತ್ತು ಜೊತೆಗಾರರು 3ರಿಂದ 7 ವರ್ಷದ ಒಡಹುಟ್ಟಿದವರನ್ನು ಅವರವರ ಮನೆಯಲ್ಲೇ ಗಮನಿಸಿದರು. ಜೊತೆಯಲ್ಲಿ ಆಡುವಾಗ ಗಂಟೆಗೆ ಸರಾಸರಿ 3.5 ಬಾರಿ ಜಟಾಪಟಿ ಆಗುತ್ತಿತ್ತು. ಅಂದರೆ ಹದಿನೇಳು-ಹದಿನೆಂಟು ನಿಮಿಷಕ್ಕೊಂದು. ನಮ್ಮ ಡೊಂಬಿವಲಿಯ ಮಕ್ಕಳು ಈ ಲೆಕ್ಕಕ್ಕೆ ಏನೂ ಕಡಿಮೆ ಇಲ್ಲ.

ಇನ್ನು ಸ್ಟೂಲಿಗೆ ಬರೋಣ. ಅದು ಯಾರದು? ಚಿನ್ನಿಯನ್ನು ಕೇಳಿದರೆ ನಂದು ಅನ್ನುತ್ತಾಳೆ. ಅವಳು ಮೂರು ವರ್ಷದವಳಿದ್ದಾಗ ಬೇಸಿನ್ನಿಗೆ ಕೈ ಎಟುಕಲಿ ಅಂತ ಅವಳಿಗೇ ತಂದ ಸ್ಟೂಲ್ ಅದು. ಪುಟ್ಟನನ್ನು ಕೇಳಿದರೆ ಅವನೂ ನಂದು ಅನ್ನುತ್ತಾನೆ. ಒಂದು ವರ್ಷದಿಂದ ದಿನಾ ಸಂಜೆ ಅದರ ಮೇಲೆ ನಿಂತು ರೈಲು ನೋಡುತ್ತಿರುವುದು ಅವನೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬಳು ಒಡೆತನದ ಮಾತಾಡುತ್ತಿದ್ದಾಳೆ, ಒಬ್ಬ ಬಳಕೆಯ ಮಾತಾಡುತ್ತಿದ್ದಾನೆ. ಹೊಲದ ವ್ಯಾಜ್ಯಗಳಲ್ಲಿ ಕೋರ್ಟುಗಳು ವರ್ಷಗಟ್ಟಲೆ ಚರ್ಚೆ ಮಾಡುವುದೂ ಇದನ್ನೇ ಅಲ್ವಾ? ಪಹಣಿ ಯಾರ ಹೆಸರಲ್ಲಿದೆ, ಉಳುತ್ತಿರುವವರು ಯಾರು ಅಂತ.

ಇದನ್ನು ತೀರಾ ಹತ್ತಿರದಿಂದ ನೋಡಿದವರು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಹಿಲ್ಡಿ ರಾಸ್. ಎರಡು ವರ್ಷದ ಮತ್ತು ನಾಲ್ಕು ವರ್ಷದ ಮಕ್ಕಳಿರುವ ಮನೆಗಳಿಗೆ ಹೋಗಿ, ವಸ್ತುಗಳಿಗಾಗಿ ನಡೆಯುವ ಜಗಳಗಳನ್ನು ದಾಖಲಿಸಿದರು. ಅಷ್ಟು ಸಣ್ಣ ಮಕ್ಕಳ ಕಿತ್ತಾಟದಲ್ಲೂ ಒಂದು ನಿಯಮ ಕಂಡಿತು. ಸುಮ್ನೆ ಬಲ ಇದ್ದವರು ಗೆಲ್ಲುತ್ತಿರಲಿಲ್ಲ. "ಇದು ನಂದು" ಅನ್ನುವ ವಾದಕ್ಕೆ "ಈಗ ನಾನು ಆಡ್ತಾ ಇದ್ದೆ" ಅನ್ನುವ ವಾದಕ್ಕಿಂತ ಜಾಸ್ತಿ ತೂಕ ಇತ್ತು. ಅಪ್ಪ-ಅಮ್ಮಂದಿರ ತೀರ್ಪುಗಳಲ್ಲಿ ಮಾತ್ರ ಅಷ್ಟು ಸ್ಥಿರತೆ ಇರಲಿಲ್ಲ. ಒಮ್ಮೆ ಒಡೆಯನ ಪರ, ಒಮ್ಮೆ ಕೈಯಲ್ಲಿ ಹಿಡಿದವನ ಪರ. ನನ್ನ ತಂಗಿಯದೂ ಅದೇ ಕಥೆ. ಹಾಲು ಉಕ್ಕುತ್ತಿದ್ದರೆ ಒಂದು ತೀರ್ಪು, ಉಕ್ಕದಿದ್ದರೆ ಇನ್ನೊಂದು.

ನಾವು ದೊಡ್ಡವರು ಇದನ್ನೆಲ್ಲ ಮೀರಿ ಬೆಳೆದಿದ್ದೇವೆ ಅಂದುಕೊಳ್ಳುವವರು ಬೆಳಿಗ್ಗೆ ಎಂಟು ಗಂಟೆಯ ಫಾಸ್ಟ್ ಲೋಕಲ್ ಹತ್ತಬೇಕು. ಮೂರು ಜನರ ಬೆಂಚಿನಲ್ಲಿ ಫೋರ್ತ್ ಸೀಟ್ ಅಂತ ಒಂದು ಇರುತ್ತದೆ. ಇರುವುದು ಒಂದು ಗೇಣು ಜಾಗ, ಅರ್ಧ ಮೈ ಹೊರಗೇ. ಆದರೂ ಅದು ಯಾರಿಗೆ ಸಲ್ಲಬೇಕು ಅನ್ನುವುದಕ್ಕೆ ಕಟ್ಟುನಿಟ್ಟಿನ ರೂಢಿ ಇದೆ. "ನೀವೆಲ್ಲಿ ಇಳಿಯೋದು?" ಅಂತ ಮೊದಲು ಕೇಳಿದವರದು ಆ ಸೀಟು. ಕೇಳದೆ ಕೂತರೆ ಇಡೀ ಡಬ್ಬಿ ತಿರುಗಿ ಬೀಳುತ್ತದೆ. ಅಲ್ಲಿ ಹತ್ತುವ ಸಿಟ್ಟು ಗೇಣು ಜಾಗಕ್ಕಲ್ಲ, ರೂಢಿ ಮುರಿದದ್ದಕ್ಕೆ. ಚಿನ್ನಿ ಚಿವುಟಿದ್ದೂ ಅದಕ್ಕೇ. ಪುಟ್ಟ ಕೇಳದೆ ತಗೊಂಡ.

ಹಾಗಾದರೆ ಇದೇ ಚಿನ್ನಿ ಪಕ್ಕದ ಮನೆಯ ಮರಾಠಿ ಗೆಳತಿಯ ಜೊತೆ ಹೀಗೆ ಜಗಳ ಆಡುವುದಿಲ್ಲವಲ್ಲ, ಏಕೆ? ಆ ಹುಡುಗಿ ಚಿನ್ನಿಯ ಸ್ಕೆಚ್‌ಪೆನ್ ಒಣಗಿಸಿದರೂ "ಇರಲಿ ಬಿಡು" ಅನ್ನುತ್ತಾಳೆ. ಕಾರಣ ಸರಳ. ಗೆಳತಿ ಮುನಿಸಿಕೊಂಡು ಹೋದರೆ ನಾಳೆ ಆಟಕ್ಕೆ ಬರದೇ ಇರಬಹುದು. ತಮ್ಮ ಎಲ್ಲಿಗೆ ಹೋಗುತ್ತಾನೆ? ರಾತ್ರಿ ಅದೇ ಹಾಲಿನಲ್ಲಿ, ಅದೇ ಹಾಸಿಗೆಯ ಆ ತುದಿಯಲ್ಲಿ ಮಲಗುತ್ತಾನೆ. ಕಳೆದುಕೊಳ್ಳುವ ಭಯ ಇಲ್ಲದ ಕಡೆ ಮಾತ್ರ ಮಕ್ಕಳು ಕೊನೆಯವರೆಗೂ ಎಳೆಯುತ್ತಾರೆ. ಗೆಳೆಯರ ಜೊತೆ ರಾಜಿ, ಒಡಹುಟ್ಟಿದವರ ಜೊತೆ ಹಟ, ಇದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇನ್ನೊಂದು ತಮಾಷೆ: ನಮ್ಮ ಮನೆಯಲ್ಲಿ ಇವರಿಬ್ಬರೂ ಬಯ್ದಾಡುವುದು ಹಿಂದಿಯಲ್ಲಿ, ಅಮ್ಮನ ಹತ್ತಿರ ದೂರು ಹೇಳುವುದು ಕನ್ನಡದಲ್ಲಿ. ಯಾವ ಕೋರ್ಟಿಗೆ ಯಾವ ಭಾಷೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಗ ತಂಗಿಯ ಎರಡು ಮಾತುಗಳನ್ನು ನೋಡೋಣ. "ಯಾರು ಮೊದಲು ಶುರು ಮಾಡಿದ್ದು?" ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಮಕ್ಕಳು ಸುಳ್ಳುಗಾರರು ಅಂತಲ್ಲ. ಚಿನ್ನಿಯ ಕಥೆ ಶುರುವಾಗುವುದು ಪುಟ್ಟ ಪುಸ್ತಕ ತಳ್ಳಿದಲ್ಲಿಂದ. ಪುಟ್ಟನ ಕಥೆ ಶುರುವಾಗುವುದು ತೋಳು ಉರಿದಲ್ಲಿಂದ. ಜಗಳ ಆದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರೆ ಇಬ್ಬರೂ ಎದುರಿನವರ ತಪ್ಪನ್ನೇ ಹೆಚ್ಚು ಹೇಳುತ್ತಾರೆ, ತಮ್ಮದನ್ನು ಸಣ್ಣದು ಮಾಡುತ್ತಾರೆ. ರಾಸ್ ಅವರ ತಂಡ ಇದನ್ನೂ ನೋಡಿದೆ. ನನ್ನ ಮುಂದೆ ಕೂತ ಗಂಡ-ಹೆಂಡತಿಯರೂ ಹಾಗೇ ಹೇಳುತ್ತಿದ್ದರು, ಅದು ಬೇರೆ ಮಾತು.

"ನೀ ದೊಡ್ಡಾಕಿ, ಬಿಟ್ಟುಕೊಡು" ಅನ್ನುವುದು ಇದಕ್ಕಿಂತ ದುಬಾರಿ. ಅದರಿಂದ ಇಬ್ಬರೂ ಪಾಠ ಕಲಿಯುತ್ತಾರೆ, ಇಬ್ಬರೂ ಬೇಡದ ಪಾಠವನ್ನೇ. ಕೂಗಿದರೆ ಸ್ಟೂಲ್ ಸಿಗುತ್ತದೆ ಅಂತ ಪುಟ್ಟನಿಗೆ ಗೊತ್ತಾಗುತ್ತದೆ. ದೊಡ್ಡವರು ಸಣ್ಣವರ ಪರ ನಿಂತು ದೊಡ್ಡ ಮಗುವನ್ನೇ ಗದರಿಸುವ ಮನೆಗಳಲ್ಲಿ ಜಗಳ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಸಣ್ಣವರಿಗೆ ಕೆಣಕುವ ಧೈರ್ಯ ಬರುತ್ತದೆ. ಚಿನ್ನಿಯ ಪಾಠ ಇನ್ನೊಂದು. ಮುಂದಿನ ಸಲ ಅವಳು ತೋಳು ಚಿವುಟುವುದಿಲ್ಲ, ಗುರುತು ಕಾಣುತ್ತದೆ. ಅಂದು ಮಧ್ಯಾಹ್ನವೇ ನೋಡಿದೆ. ಪುಟ್ಟ ಊಟಕ್ಕೆ ಕೂತಾಗ ಅವನ ಆಟದ ಲೋಕಲ್‌ನ ಒಂದು ಡಬ್ಬಿಯನ್ನು ಅವಳು ಸದ್ದಿಲ್ಲದೆ ಸೋಫಾದ ಕೆಳಗೆ ತಳ್ಳಿದಳು. ಯಾವ ಡಬ್ಬಿ ಗೊತ್ತಾ? ಮುಂದಿನದು, ದೀಪ ಇರುವುದು. ಅವನಿಗೆ ಅದರ ಮೇಲೇ ಪ್ರಾಣ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕೆಲಸ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಅದಕ್ಕೆ ಬೇಕಾದ ಬುದ್ಧಿ ಸಣ್ಣದಲ್ಲ. ಯಾವುದು ಹೋದರೆ ಅವನಿಗೆ ಹೆಚ್ಚು ನೋವಾಗುತ್ತದೆ ಅನ್ನುವುದನ್ನು ಅವಳು ಅವನ ತಲೆಯೊಳಗೆ ಹೊಕ್ಕು ನೋಡಿದ್ದಾಳೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜೂಡಿ ಡನ್ ಕೇಂಬ್ರಿಡ್ಜ್ ಸುತ್ತಲಿನ ಮನೆಗಳಲ್ಲಿ ಕೂತು ಮಕ್ಕಳನ್ನು ಗಮನಿಸಿದಾಗ ಅವರಿಗೆ ಅಚ್ಚರಿ ತಂದದ್ದೂ ಇದೇ. ಮಾತು ಸರಿಯಾಗಿ ಬಾರದ ಮಗು ಕೂಡ ಅಕ್ಕನ ಮೇಲೆ ಸಿಟ್ಟು ಬಂದಾಗ ಅವಳ ಮೆಚ್ಚಿನ ಗೊಂಬೆಯನ್ನೇ ಹುಡುಕಿ ಎತ್ತಿಕೊಂಡು ಓಡುತ್ತಿತ್ತು. ಮನಶ್ಶಾಸ್ತ್ರಜ್ಞರ ಪರೀಕ್ಷೆಯಲ್ಲಿ ಕಾಣುವ ಮುಂಚೆಯೇ ಈ ತಿಳಿವು ಮನೆಯ ಜಗಳದಲ್ಲಿ ಕಾಣುತ್ತದೆ.

ಆ ಪರೀಕ್ಷೆ ಹೇಗಿರುತ್ತದೆ ಅಂದರೆ, ಚಕ್ಕುಲಿ ಡಬ್ಬಿಯನ್ನು ಅಮ್ಮ ಕಪಾಟಿನಲ್ಲಿಟ್ಟಳು, ಅಪ್ಪ ನೋಡಿಕೊಂಡು ಹೊರಗೆ ಹೋದ ಅನ್ನಿ. ಅವನಿಲ್ಲದಾಗ ಅಜ್ಜಿ ಅದನ್ನು ಮಂಚದ ಕೆಳಗೆ ಇಟ್ಟಳು. ಅಪ್ಪ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಸಾಮಾನ್ಯವಾಗಿ "ಮಂಚದ ಕೆಳಗೆ" ಅನ್ನುತ್ತದೆ. ತನಗೆ ಗೊತ್ತಿರುವುದು ಅಪ್ಪನಿಗೂ ಗೊತ್ತು ಅಂತ ಅದರ ಲೆಕ್ಕ. ನಾಲ್ಕು, ನಾಲ್ಕೂವರೆ ಆಗುವ ಹೊತ್ತಿಗೆ ಹೆಚ್ಚಿನ ಮಕ್ಕಳು "ಕಪಾಟಿನಲ್ಲಿ" ಅನ್ನಲು ಕಲಿಯುತ್ತಾರೆ. 1994ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಡಹುಟ್ಟಿದವರು ಜಾಸ್ತಿ ಇರುವ ಮಕ್ಕಳು ಇದನ್ನು ಬೇಗ ಹೇಳಿದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಹೀಗೆ ಕಾಣಲಿಲ್ಲ. ಹಾಗಾಗಿ ಒಂಟಿ ಮಗುವಿನ ತಾಯಂದಿರು ಗಾಬರಿ ಆಗಬೇಕಿಲ್ಲ. ಮನೆಯಲ್ಲಿ "ಅವನಿಗೆ ಯಾಕೆ ಬೇಜಾರಾಯ್ತು?" ಅನ್ನುವಂಥ ಮಾತು ಎಷ್ಟು ನಡೆಯುತ್ತದೆ ಅನ್ನುವುದೂ ಮುಖ್ಯ ಅಂತ ಡನ್ ಅವರ ತಂಡ ತೋರಿಸಿತು.

ಅಂದರೆ ಜಗಳ ತಾನಾಗಿ ಏನನ್ನೂ ಕಲಿಸುವುದಿಲ್ಲ. ಜಗಳದ ನಡುವೆ ಎದುರಿನವರ ಮನಸ್ಸಿನ ಮಾತು ಕಿವಿಗೆ ಬಿದ್ದರೆ ಕಲಿಸುತ್ತದೆ. ರಾಸ್ ಮತ್ತು ಅವರ ಜೊತೆಗಾರ್ತಿ ಜೂಲಿ ಸ್ಮಿತ್ 2007ರಲ್ಲಿ ಪ್ರಕಟಿಸಿದ ಕೆಲಸ ಈ ಹಿನ್ನೆಲೆಯದು. 5ರಿಂದ 10 ವರ್ಷದ ಮಕ್ಕಳಿರುವ ಕೆಲವು ಅಪ್ಪ-ಅಮ್ಮಂದಿರಿಗೆ ತೀರ್ಪು ಕೊಡುವುದನ್ನು ಬಿಟ್ಟು ನಡುವೆ ಕೂತು ಮಾತಾಡಿಸುವುದನ್ನು ಕಲಿಸಿದರು. ಮೊದಲು ನಿಯಮ: ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು, ಬಯ್ಯಬಾರದು. ಆಮೇಲೆ ಜಗಳ ಯಾತಕ್ಕೆ ಅಂತ ಇಬ್ಬರಿಂದಲೂ ಹೇಳಿಸುವುದು. ಆಮೇಲೆ ಅವಳಿಗೆ ಹೇಗಾಯಿತು ಅಂತ ಅವನ ಬಾಯಲ್ಲಿ, ಅವನಿಗೆ ಹೇಗಾಯಿತು ಅಂತ ಅವಳ ಬಾಯಲ್ಲಿ ಹೇಳಿಸುವುದು. ಕೊನೆಗೆ ಪರಿಹಾರ, ಅದೂ ಮಕ್ಕಳೇ ಹೇಳಬೇಕು. ಹೀಗೆ ಮಾಡಿದ ಮನೆಗಳಲ್ಲಿ ಮಕ್ಕಳು ಜಗಳದಲ್ಲಿ ಹೆಚ್ಚು ಸಮಾಧಾನದಿಂದ ಮಾತಾಡಿದರು, ಎದುರಿನವರ ಕಡೆಯೂ ಅವರಿಗೆ ಹೆಚ್ಚು ಅರ್ಥವಾಯಿತು.

ಮುಂದಿನ ಭಾನುವಾರ ನಾನು ಸ್ಟೂಲಿಗೆ ಇದನ್ನೇ ಪ್ರಯತ್ನಿಸಿದೆ. ಜಗಳ ನಡೆಯುವಾಗ ಅಲ್ಲ, ಅರ್ಧ ಗಂಟೆ ಬಿಟ್ಟು. ಅಳು ನಿಂತಿರಬೇಕು, ಹೊಟ್ಟೆ ತುಂಬಿರಬೇಕು. ಇಲ್ಲದಿದ್ದರೆ ಯಾವ ನಿಯಮವೂ ನಡೆಯುವುದಿಲ್ಲ. ಮೊದಲ ಐದು ನಿಮಿಷ ವ್ಯರ್ಥವೇ. "ಅಂವಾ ಕಳ್ಳ", "ಅಕ್ಕ ರಾಕ್ಷಸಿ" ಇಷ್ಟೇ. ನಾನು ಕೇಳಿದೆ, "ಚಿನ್ನಿ, ಕೆಂಪು ಸ್ಟೂಲ್ ಅಲ್ಲೇ ಇತ್ತಲ್ಲ, ಅದರ ಮ್ಯಾಲೆ ಬರಿಬಹುದಿತ್ತಲ್ಲ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ನನ್ನ ಸೈಕಲ್ ಅವನಿಗೆ ಕೊಟ್ರಿ. ನನ್ನ ಬ್ಯಾಗ್ ಕೊಟ್ರಿ. ಆನಿ ಚಿತ್ರದ ಚಾದರ ಕೊಟ್ರಿ. ಯಾರೂ ನನ್ನ ಕೇಳಲೇ ಇಲ್ಲ."

ಪುಟ್ಟ ನಡುವೆ ಬಾಯಿ ಹಾಕಬಾರದಿತ್ತು. ಆದರೆ ಹಾಕಿದ. ನಾನು ತಡೆಯಲಿಲ್ಲ. "ಎಲ್ಲಾ ನಿಂದ ಅಂದ್ರ ನಂದು ಯಾವ್ದು?"

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದೆ. ಒಬ್ಬಳಿಗೆ ತನ್ನದೆಲ್ಲ ಹೋಗುತ್ತಿದೆ ಅನ್ನುವ ದುಃಖ. ಇನ್ನೊಬ್ಬನಿಗೆ ತನ್ನದು ಅನ್ನುವುದೇ ಬರಲಿಲ್ಲ ಅನ್ನುವ ದುಃಖ. ಎರಡೂ ಒಂದೇ ಸೈಕಲ್ಲಿನಿಂದ ಹುಟ್ಟಿದ್ದು. ಮುಂಬಯಿಯಲ್ಲಿ ಎರಡನೇ ಸೈಕಲ್ ತಂದರೂ ಇಡಲು ಜಾಗ ಎಲ್ಲಿದೆ ಹೇಳಿ?

ಪರಿಹಾರ ಅವರೇ ಮಾಡಿದರು. ನೀಲಿ ಸ್ಟೂಲಿನ ತಳಕ್ಕೆ ಚಿನ್ನಿ ಮಾರ್ಕರ್‌ನಲ್ಲಿ ತನ್ನ ಹೆಸರು ಬರೆದಳು. ಕೆಂಪು ಸ್ಟೂಲ್ ಪುಟ್ಟನದು, ಅದಕ್ಕೆ ರೈಲಿನ ಸ್ಟಿಕರ್. ನೀಲಿ ಬೇಕಾದರೆ ಕೇಳಬೇಕು. ಕೇಳಿದರೆ ಅವಳು ಬೇಡ ಅನ್ನಬಹುದು. ನಾನಾಗಿದ್ದರೆ ಸಮಯ ಹಂಚುತ್ತಿದ್ದೆ, ಐದರಿಂದ ಆರು ಅವನಿಗೆ, ಆರರಿಂದ ಏಳು ಅವಳಿಗೆ ಅಂತ. ಅದು ಕೆಲಸ ಮಾಡುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಸಮಯ ಅಲ್ಲ, ಹಕ್ಕು. ಹೆಸರು ಬರೆದ ಮೇಲೆ ಚಿನ್ನಿ ಅಂದು ಸಂಜೆ ಅವನು ಕೇಳುವ ಮುಂಚೆಯೇ "ತಗೋ" ಅಂದಳು. ಎರಡು ದಿನಕ್ಕೆ ತಂಗಿಯ ಫೋನ್ ಬಂತು: ಈಗ ಸ್ಟಿಕರ್ ಹಾಳೆಯಲ್ಲಿ ಉಳಿದದ್ದು ಯಾರದು ಅಂತ ಜಗಳ. ಆದರೆ ಕೂಗಾಟಕ್ಕೆ ಮುಂಚೆ ಪುಟ್ಟ "ಮೊದಲ ಕೇಳಬೇಕಲ್ಲಾ" ಅಂದನಂತೆ. ನನಗೆ ಅಷ್ಟು ಸಾಕು.

ಈ ಉಪಾಯ ನಡೆಯದ ಜಾಗವೂ ಇದೆ. ಅದನ್ನು ಗುರುತಿಸಲು ಬರಬೇಕು. ಯಾರು ಶುರು ಮಾಡಿದರು ಅಂತ ಒಂದು ಜಗಳದಲ್ಲಿ ಹುಡುಕಬೇಡಿ, ಹತ್ತು ಜಗಳ ಸೇರಿಸಿ ನೋಡಿ. ಒಮ್ಮೆ ಅವಳು ಗೆದ್ದು ಒಮ್ಮೆ ಇವನು ಗೆದ್ದರೆ ಅದು ಜಗಳ. ಹತ್ತಕ್ಕೆ ಹತ್ತೂ ಒಬ್ಬರದೇ ಮೇಲುಗೈ ಆಗಿದ್ದರೆ, ಇನ್ನೊಬ್ಬರು ಅವರಿರುವ ಕೋಣೆಗೆ ಹೋಗಲು ಹಿಂಜರಿದರೆ, ಮೈಮೇಲೆ ಗುರುತು ಕಾಣುತ್ತಿದ್ದರೆ, ಅದು ಜಗಳ ಅಲ್ಲ, ಪೀಡನೆ. ಅಲ್ಲಿ ಇಬ್ಬರನ್ನೂ ಎದುರಾಬದುರು ಕೂರಿಸಿ ಮಾತಾಡಿಸುವುದು ತಪ್ಪು. ಪೆಟ್ಟು ತಿನ್ನುವ ಮಗು ಅಲ್ಲಿ ನಿಜ ಹೇಳುವುದಿಲ್ಲ. ದೊಡ್ಡವರು ನಡುವೆ ಬಂದು ಅದನ್ನು ನಿಲ್ಲಿಸಲೇಬೇಕು. ಬ್ರಿಟನ್ನಿನಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. 12ನೇ ವಯಸ್ಸಿನಲ್ಲಿ ಒಡಹುಟ್ಟಿದವರಿಂದ ವಾರಕ್ಕೆ ಹಲವು ಸಲ ಪೀಡನೆ ಅನುಭವಿಸಿದವರಲ್ಲಿ, 18ರ ಹೊತ್ತಿಗೆ ಖಿನ್ನತೆ ಕಾಣುವ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. "ಅಣ್ಣ-ತಮ್ಮ ಅಂದ ಮೇಲೆ ಹೊಡೆದಾಡದೆ ಇರ್ತಾರಾ" ಅನ್ನುವ ಮಾತು ಇಂಥ ಮನೆಗಳಲ್ಲೇ ಜಾಸ್ತಿ ಕೇಳಿಸುತ್ತದೆ.

ಚಿನ್ನಿ ಇನ್ನು ಎರಡು-ಮೂರು ವರ್ಷಕ್ಕೆ ಬೇರೆಯೇ ಜಗಳ ಆಡುತ್ತಾಳೆ. ಹದಿಹರೆಯದ ಜಗಳಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ನಿಕೋಲ್ ಕ್ಯಾಂಪಿಯೋನ್-ಬಾರ್ ಎರಡು ಬಗೆಯಾಗಿ ನೋಡಿದರು. ಒಂದು, ಸರದಿ ಮತ್ತು ಸಮಪಾಲಿನದು: ರಿಮೋಟ್ ಯಾರಿಗೆ, ಪಾತ್ರೆ ತೊಳೆಯುವುದು ಯಾರ ಪಾಳಿ. ಇನ್ನೊಂದು, ನನ್ನದಕ್ಕೆ ಕೈ ಹಾಕಿದ್ದು: ಕೇಳದೆ ಬಟ್ಟೆ ಹಾಕಿಕೊಂಡದ್ದು, ಮೊಬೈಲ್ ನೋಡಿದ್ದು. 145 ಜೋಡಿಗಳ ಅವರ ಅಧ್ಯಯನದಲ್ಲಿ ಮೊದಲ ಬಗೆ ಜಾಸ್ತಿ ಇದ್ದವರಿಗೆ ಒಂದು ವರ್ಷದ ನಂತರ ಮನಸ್ಸು ಕುಗ್ಗಿದ್ದು ಹೆಚ್ಚು ಕಂಡಿತು. ಎರಡನೇ ಬಗೆ ಜಾಸ್ತಿ ಇದ್ದವರಲ್ಲಿ ಆತಂಕ ಹೆಚ್ಚಿತ್ತು, ತನ್ನ ಬಗ್ಗೆ ಅಭಿಮಾನ ಕಡಿಮೆ ಇತ್ತು. ಅಲ್ಲಿನ ಸಲಹೆ "ಬೇರೆಯವರ ಕೋಣೆಗೆ ಬಾಗಿಲು ತಟ್ಟಿ ಹೋಗಿ" ಅಂತ. ಡೊಂಬಿವಲಿಯ ಹಾಲಿನಲ್ಲಿ ಕೋಣೆಯೇ ಇಲ್ಲ, ಬಾಗಿಲು ಎಲ್ಲಿಂದ ತರೋಣ? ನಾನು ನೋಡಿದ ಮನೆಗಳಲ್ಲಿ ಕಪಾಟಿನ ಒಂದು ಖಾನೆ ಸಾಕಾಗಿದೆ. ಬೀಗ ಬೇಡ. ಅಮ್ಮನೂ ಕೇಳಿಯೇ ಕೈ ಹಾಕಬೇಕು, ಅಷ್ಟೇ. ಅಮ್ಮಂದಿರಿಗೇ ಇದು ಕಷ್ಟ.

ಸಮಪಾಲಿನ ವಿಷಯಕ್ಕೆ ನಂದೇ ಒಂದು ಸಾಕ್ಷಿ ಇದೆ. 1980ರ ದಶಕದಲ್ಲಿ ನಾವು ಮೇ ರಜೆಗೆ ಮುಂಬಯಿಯಿಂದ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಮಿರಜ್‌ನಲ್ಲಿ ದೊಡ್ಡ ಗಾಡಿ ಇಳಿದು ಮೀಟರ್‌ಗೇಜ್ ಗಾಡಿ ಹತ್ತಬೇಕಿತ್ತು. ಕಿಟಕಿ ಸೀಟಿಗೆ ನಮ್ಮಿಬ್ಬರ ಜಗಳ. ಅಪ್ಪ ತೀರ್ಪು ಕೊಟ್ಟರು: ಮಿರಜ್‌ವರೆಗೆ ದೊಡ್ಡವಳು, ಅಲ್ಲಿಂದ ಮುಂದೆ ಸಣ್ಣವಳು. ಅರ್ಧರ್ಧ, ನ್ಯಾಯವೇ. ಆದರೆ ಕರ್ಜತ್ ದಾಟಿದ ಮೇಲೆ ಬರುವ ಘಾಟು, ಖಂಡಾಲಾದ ಸುರಂಗಗಳು ಎಲ್ಲವೂ ನನ್ನ ಪಾಲಿಗೇ ಬಂದವು. ತಂಗಿ ಅದನ್ನು ಅಂದು ಹೇಳಲಿಲ್ಲ. ಹೇಳಿದ್ದರೆ "ಅರ್ಧ ಸಿಕ್ಕಿದೆಯಲ್ಲ, ಇನ್ನೇನು ಬೇಕು" ಅಂತಿದ್ದರು.

ಹೋದ ವರ್ಷ ಮದುವೆಗೆ ಅಂತ ನಾವಿಬ್ಬರೂ ಅದೇ ದಾರಿಯಲ್ಲಿ ಹೋದೆವು. ಈಗ ಮಿರಜ್‌ನಲ್ಲಿ ಇಳಿಯುವುದು ಇಲ್ಲ. ಕರ್ಜತ್‌ನಲ್ಲಿ ಘಾಟು ಹತ್ತಲು ಹಿಂದಿನಿಂದ ಎಂಜಿನ್ ಜೋಡಿಸುತ್ತಿದ್ದರು. ಗಾಡಿ ನಿಂತಿತ್ತು, ನಾನು ವಡಾಪಾವ್ ತರಲು ಬಾಗಿಲಿಗೆ ಹೋದೆ. ವಾಪಸ್ ಬಂದು ನೋಡಿದರೆ ನನ್ನ ಕಿಟಕಿ ಸೀಟಿನಲ್ಲಿ ತಂಗಿ ಕೂತಿದ್ದಳು. ನನ್ನ ಚೀಲ ಪಕ್ಕದ ಸೀಟಿಗೆ ಬಂದಿತ್ತು.

"ಘಾಟು ಈ ಸಲ ನಂದು" ಅಂದಳು. ನಲವತ್ತೇಳು ವರ್ಷ ಅವಳಿಗೆ. ಕೇಳದೆ ಕೂತದ್ದಕ್ಕೆ ನನಗೆ ಒಂದು ಕ್ಷಣ ನಿಜವಾಗಲೂ ಸಿಟ್ಟು ಬಂತು.